ಕೊನೆಯ ಲೆವೆಲ್‌ಗಳು ಮುಗಿಯದಂತಾದಾಗ: ಎಕ್ಸ್‌ಪಿ ಮಿತಿಗಳನ್ನು ನಯವಾದ ಸೂತ್ರದಿಂದ ರೂಪಿಸುವ ಸಮಗ್ರ ಮಾರ್ಗದರ್ಶಿ

ಪಾತ್ರವೊಂದನ್ನು ಬೆಳೆಸುತ್ತಾ ಆಡುವ ಆರ್‌ಪಿಜಿ ಮಾದರಿಯ ಆಟವನ್ನು ಕಟ್ಟುವವರಲ್ಲಿ ಬಹಳ ಮಂದಿ ಲೆವೆಲ್ ಮಿತಿಗಳಿಗಾಗಿ ಮೊದಲು ಬರೆಯುವ ಸೂತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೊದಲ ಲೆವೆಲ್ ದಾಟಲು ನೂರು ಎಕ್ಸ್‌ಪಿ, ಅಂದರೆ ಆಡುತ್ತಾ ಗಳಿಸುವ ಅನುಭವದ ಅಂಕಗಳು, ಬೇಕು, ಅಲ್ಲಿಂದ ಮುಂದೆ ಪ್ರತಿ ಲೆವೆಲ್‌ಗೂ ಹಿಂದಿನದಕ್ಕಿಂತ ಶೇ. 20ರಷ್ಟು ಹೆಚ್ಚು ಬೇಕು ಎಂದು ಒಂದು ಸಾಲಿನಲ್ಲಿ ಬರೆದರೆ ಕೆಲಸ ಮುಗಿಯಿತು ಎನಿಸುತ್ತದೆ. ಮೊದಲ ಹತ್ತು ಲೆವೆಲ್‌ಗಳನ್ನು ಆಡಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆಟ ಬಿಡುಗಡೆಯಾಗಿ ಕೆಲವು ವಾರ ಕಳೆದ ಮೇಲೆ, ಮೂವತ್ತನೆಯ ಲೆವೆಲ್ ದಾಟಿದ ಆಟಗಾರರಿಂದ ಒಂದೇ ಬಗೆಯ ದೂರು ಬರಲು ತೊಡಗುತ್ತದೆ: ಎಷ್ಟು ಹೊತ್ತು ಆಡಿದರೂ ಪರದೆಯ ಮೇಲಿನ ಪ್ರಗತಿ ಪಟ್ಟಿ ಮುಂದೆ ಸರಿಯುತ್ತಿಲ್ಲ.

ಈ ದೂರಿನ ಮೂಲ ಯಾವಾಗಲೂ ಮಿತಿಯ ಸೂತ್ರದಲ್ಲಷ್ಟೇ ಇರುವುದಿಲ್ಲ. ಮಿತಿ ಒಂದು ವೇಗದಲ್ಲಿ ಬೆಳೆಯುತ್ತಿದ್ದು, ಗಳಿಕೆ ಬೇರೆ ವೇಗದಲ್ಲಿ ಬೆಳೆಯುತ್ತಿರುವುದೇ ನಿಜವಾದ ತೊಂದರೆ. ಆದ್ದರಿಂದ ಎಕ್ಸ್‌ಪಿ ಸಂಖ್ಯೆಗಳನ್ನು ಮೊದಲು ನಿರ್ಧರಿಸಿ ಆಮೇಲೆ ಸಮಯವನ್ನು ಲೆಕ್ಕ ಹಾಕುವ ಕ್ರಮವನ್ನು ಬಿಟ್ಟು, ಆಟಗಾರ ಪ್ರತಿ ಲೆವೆಲ್‌ನಲ್ಲಿ ಕಳೆಯಬೇಕಾದ ಸಮಯವನ್ನು ಮೊದಲು ನಿರ್ಧರಿಸಿ ಅದರಿಂದ ಎಕ್ಸ್‌ಪಿಯನ್ನು ಹುಟ್ಟಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಗರಿಷ್ಠ 40 ಲೆವೆಲ್‌ಗಳಿರುವ ಒಂದು ಚಿಕ್ಕ ಆಟವನ್ನು ತೆಗೆದುಕೊಂಡು, ಅದರ ಅಂಕಿಗಳನ್ನೇ ಕೊನೆಯವರೆಗೂ ಬಳಸೋಣ.

## ಮೊದಲ ಹೆಜ್ಜೆ: ಈಗಿರುವ ವಕ್ರರೇಖೆಯನ್ನು ಕಾಳಗಗಳ ಲೆಕ್ಕದಲ್ಲಿ ಅಳೆಯುವುದು

ನಮ್ಮ ಉದಾಹರಣೆಯ ಆಟದಲ್ಲಿ L ಎಂಬ ಲೆವೆಲ್‌ನಿಂದ ಮುಂದಿನದಕ್ಕೆ ಹೋಗಲು ಬೇಕಾದ ಎಕ್ಸ್‌ಪಿ `100 × 1.2^(L-1)`. ಅದೇ ಲೆವೆಲ್‌ನ ಒಬ್ಬ ಶತ್ರುವನ್ನು ಸೋಲಿಸಿದರೆ ಸಿಗುವ ಎಕ್ಸ್‌ಪಿ `10 + 5 × (L-1)`. ಮೊದಲನೆಯದು ಘಾತೀಯವಾಗಿ, ಅಂದರೆ ಪ್ರತಿ ಬಾರಿಯೂ ಒಂದೇ ಅಂಶದಿಂದ ಗುಣಿಸಿಕೊಂಡು ಬೆಳೆಯುತ್ತದೆ. ಎರಡನೆಯದು ಪ್ರತಿ ಬಾರಿಯೂ ಒಂದೇ ಮೊತ್ತವನ್ನು ಕೂಡಿಸಿಕೊಂಡು ಬೆಳೆಯುತ್ತದೆ. ಶತ್ರುವನ್ನು ಹುಡುಕಿ ನಡೆದು ಹೋಗುವುದೂ ಸೇರಿ ಒಂದು ಕಾಳಗಕ್ಕೆ ಸರಾಸರಿ 20 ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳೋಣ.

ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದು ಲೆವೆಲ್ ದಾಟಲು ಎಷ್ಟು ಕಾಳಗಗಳು ಬೇಕು ಎಂಬುದು ಸಿಗುತ್ತದೆ. ಒಂದನೆಯ ಲೆವೆಲ್‌ನಲ್ಲಿ ಅದು 10. ನಾಲ್ಕು ಮತ್ತು ಐದನೆಯ ಲೆವೆಲ್‌ಗಳಲ್ಲಿ ಅದು ಏಳಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ, ಹತ್ತನೆಯದರಲ್ಲಿ ಮತ್ತೆ 9.4ಕ್ಕೆ ಬರುತ್ತದೆ. ಈ ಇಳಿತವನ್ನು ಗಮನಿಸಬೇಕು, ಏಕೆಂದರೆ ಆಟವನ್ನು ಪರೀಕ್ಷಿಸುವವರು ಹೆಚ್ಚಾಗಿ ಆಡುವುದು ಈ ಭಾಗವನ್ನೇ. ಅವರ ಅನುಭವದಲ್ಲಿ ಲೆವೆಲ್‌ಗಳು ನಿಧಾನವಾಗುತ್ತಿಲ್ಲ, ಬದಲಾಗಿ ಸ್ವಲ್ಪ ಚುರುಕಾಗುತ್ತಿವೆ. ಸೂತ್ರದ ಸಣ್ಣ ಸಂಖ್ಯೆಗಳ ಭಾಗದಲ್ಲಿ ಕೂಡಿಕೆಯ ಬೆಳವಣಿಗೆ ಗುಣಾಕಾರದ ಬೆಳವಣಿಗೆಗಿಂತ ಮುಂದಿರುತ್ತದೆ, ಹಾಗಾಗಿ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ಇಪ್ಪತ್ತನೆಯ ಲೆವೆಲ್‌ಗೆ ಬಂದಾಗ ಸುಮಾರು 30 ಕಾಳಗಗಳು ಬೇಕಾಗುತ್ತವೆ, ಅಂದರೆ ಹತ್ತು ನಿಮಿಷ. ಮೂವತ್ತನೆಯದರಲ್ಲಿ 128 ಕಾಳಗಗಳು, ಅಂದರೆ 42 ನಿಮಿಷಕ್ಕೂ ಹೆಚ್ಚು. ಮೂವತ್ತೊಂಬತ್ತರಿಂದ ನಲವತ್ತಕ್ಕೆ ಹೋಗಲು 510 ಕಾಳಗಗಳು ಬೇಕು. ಒಂದೇ ಒಂದು ಲೆವೆಲ್‌ಗೆ ಎರಡು ಮುಕ್ಕಾಲು ಗಂಟೆಗೂ ಮೀರಿ ಆಡಬೇಕು. ಎಲ್ಲವನ್ನೂ ಕೂಡಿದರೆ ಒಟ್ಟು ಸುಮಾರು 3,650 ಕಾಳಗಗಳಾಗುತ್ತವೆ, ಅಂದರೆ 20 ಗಂಟೆಗಿಂತ ತುಸು ಹೆಚ್ಚು. ಅದರಲ್ಲಿ ಮೊದಲ ಇಪ್ಪತ್ತು ಲೆವೆಲ್‌ಗಳನ್ನು ದಾಟಲು ಹಿಡಿಯುವುದು ಒಂದೂವರೆ ಗಂಟೆಯೂ ಅಲ್ಲ; ಉಳಿದ ಸುಮಾರು ಹತ್ತೊಂಬತ್ತು ಗಂಟೆಗಳು ಮಿಕ್ಕ ಹತ್ತೊಂಬತ್ತು ಲೆವೆಲ್‌ಗಳಿಗೆ ಹೋಗುತ್ತವೆ.

ನಿಮ್ಮ ಆಟದ ಮೇಲೆ ಬೇರೆ ಯಾವ ಕೆಲಸ ಮಾಡುವುದಕ್ಕೂ ಮುಂಚೆ ಈ ಭಾಗಾಕಾರವನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಎಲ್ಲ ಲೆವೆಲ್‌ಗಳಿಗೂ ಮಾಡಿ ನೋಡಬೇಕು. ಎಕ್ಸ್‌ಪಿಯ ರೇಖಾಚಿತ್ರವನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಮಿತಿ ಒಂದು ಲಕ್ಷವಿದ್ದರೂ ಪ್ರತಿ ಕಾಳಗಕ್ಕೆ ಹತ್ತು ಸಾವಿರ ಸಿಗುವುದಾದರೆ ಅದು ಹತ್ತೇ ಕಾಳಗಗಳ ಮಾತು. ಆಟಗಾರನಿಗೆ ಭಾರವೆನಿಸುವುದು ಭಾಗಲಬ್ಧ ಮಾತ್ರ.

## ಎಲ್ಲರಿಗೂ ದುಪ್ಪಟ್ಟು ಎಕ್ಸ್‌ಪಿ ಕೊಟ್ಟರೆ ಏಕೆ ಸರಿಹೋಗುವುದಿಲ್ಲ

ದೂರು ಬಂದ ಕೂಡಲೇ ತೋಚುವ ಪರಿಹಾರ ಗಳಿಕೆಯನ್ನು ಎರಡು ಪಟ್ಟು ಮಾಡುವುದು. ಘಾತೀಯ ವಕ್ರರೇಖೆಯ ಎದುರು ಇದು ನಿಲ್ಲುವುದಿಲ್ಲ. ಪ್ರತಿ ಲೆವೆಲ್‌ಗೂ ಮಿತಿ 1.2 ಪಟ್ಟಾಗುತ್ತಿರುವಾಗ ಅದು ಎರಡು ಪಟ್ಟಾಗಲು ನಾಲ್ಕು ಲೆವೆಲ್‌ಗಳೂ ಬೇಡ, 3.8 ಸಾಕು. ನೀವು ದುಪ್ಪಟ್ಟು ಮಾಡಿ ಕೊಟ್ಟ ಔದಾರ್ಯವನ್ನು ಸೂತ್ರವು ನಾಲ್ಕು ಲೆವೆಲ್ ಕಳೆಯುವುದರೊಳಗೆ ನುಂಗಿಹಾಕುತ್ತದೆ. ಕೊನೆಯ ಲೆವೆಲ್‌ನ 510 ಕಾಳಗಗಳು 255ಕ್ಕೆ ಇಳಿಯುತ್ತವೆ ನಿಜ, ಆದರೆ ಅದು ಇನ್ನೂ 85 ನಿಮಿಷಗಳ ಒಂದೇ ತೆರನ ಕೆಲಸ. ಅತ್ತ ನಾಲ್ಕನೆಯ ಲೆವೆಲ್ ಮೂರೂವರೆ ಕಾಳಗದಲ್ಲಿ ಮುಗಿದುಹೋಗಿ, ಹೊಸಬರು ಒಂದು ಹೊಸ ಕೌಶಲವನ್ನು ಬಳಸಿ ನೋಡುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ. ಕೆಟ್ಟಿದ್ದ ತುದಿ ಹಾಗೆಯೇ ಉಳಿದು, ಚೆನ್ನಾಗಿದ್ದ ತುದಿ ಕೆಡುತ್ತದೆ.

ಘಾತೀಯ ವಕ್ರರೇಖೆ ತನ್ನಷ್ಟಕ್ಕೆ ತಪ್ಪು ಎಂದು ಹೇಳುತ್ತಿಲ್ಲ. ರೂನ್‌ಸ್ಕೇಪ್ ಆಟದ ಕೌಶಲಗಳ ಮಿತಿಗಳು ಇದೇ ಜಾತಿಯವು. ಅಲ್ಲಿ ಪ್ರತಿ ಲೆವೆಲ್‌ನ ಬೇಡಿಕೆ ಏಳು ಲೆವೆಲ್‌ಗಳಿಗೊಮ್ಮೆ ಸರಿಸುಮಾರು ಎರಡು ಪಟ್ಟಾಗುತ್ತದೆ. 99ನೆಯ ಲೆವೆಲ್‌ಗೆ ಒಟ್ಟು 1,30,34,431 ಎಕ್ಸ್‌ಪಿ ಬೇಕು, 92ನೆಯದಕ್ಕೆ 65,17,253. ಹೀಗಾಗಿ 92 ಎನ್ನುವುದು 99ರ ಅರ್ಧದಾರಿ ಎಂಬುದು ಆ ಆಟವನ್ನು ಆಡುವವರಿಗೆಲ್ಲ ಗೊತ್ತಿರುವ ಮಾತು. ಆದರೆ ಅದು ವರ್ಷಗಟ್ಟಲೆ ಆಡಲೆಂದು ಮಾಡಿದ ಆನ್‌ಲೈನ್ ಆಟ. ಮೇಲಿನ ಲೆವೆಲ್‌ಗಳಲ್ಲಿ ಗಂಟೆಗೆ ಹೆಚ್ಚು ಎಕ್ಸ್‌ಪಿ ಕೊಡುವ ದಾರಿಗಳೂ ತೆರೆದುಕೊಳ್ಳುತ್ತವೆ, ಮತ್ತು 99 ಎಂಬುದು ಅಲ್ಲಿ ಸಾಧನೆಯೆಂದು ತೋರಿಸಿಕೊಳ್ಳುವ ಸಂಖ್ಯೆ. ಐದಾರು ಗಂಟೆಗಳ ಕತೆಯಿರುವ ಆಟಕ್ಕೆ ಅದೇ ಆಕಾರವನ್ನು ತಂದು ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ.

## ಎರಡನೆಯ ಹೆಜ್ಜೆ: ಸಮಯವನ್ನು ಮೊದಲು ಬರೆದಿಡುವುದು

ಸೂತ್ರವನ್ನು ಬದಿಗಿಟ್ಟು ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಮೊದಲ ಲೆವೆಲ್ ಎಷ್ಟು ಹೊತ್ತಿನಲ್ಲಿ ಮುಗಿಯಬೇಕು? ಕೊನೆಯ ಲೆವೆಲ್ ಎಷ್ಟು ಹೊತ್ತು ಹಿಡಿದರೆ ಆಟಗಾರ ಸಹಿಸಿಕೊಳ್ಳುತ್ತಾನೆ? ನಮ್ಮ ಆಟದಲ್ಲಿ ಮೊದಲನೆಯದಕ್ಕೆ ಮೂರು ನಿಮಿಷದೊಳಗೆ ಎಂದೂ, ಎರಡನೆಯದಕ್ಕೆ 20 ನಿಮಿಷ ಎಂದೂ ಇಟ್ಟುಕೊಳ್ಳೋಣ. ಇಪ್ಪತ್ತು ನಿಮಿಷವೆಂದರೆ ಒಮ್ಮೆ ಕುಳಿತು ಆಡಿದಾಗ ಕನಿಷ್ಠ ಒಂದು ಲೆವೆಲ್ ಆದರೂ ಏರುವಷ್ಟು ಸಮಯ. ಈ ಬಗೆಯ ಆಟಕ್ಕೆ ಅದನ್ನು ಮೀರಿ ಹೋಗದಿರುವುದು ಒಳ್ಳೆಯದು. ಕಾಳಗಕ್ಕೆ 20 ಸೆಕೆಂಡಿನ ಲೆಕ್ಕದಲ್ಲಿ ಇವು ಕ್ರಮವಾಗಿ 8 ಮತ್ತು 60 ಕಾಳಗಗಳಾಗುತ್ತವೆ.

ಇನ್ನು ಈ ಎರಡು ತುದಿಗಳ ನಡುವೆ ನಯವಾಗಿ ಏರುವ ರೇಖೆಯೊಂದು ಬೇಕು. ಅದಕ್ಕೆ ಈ ಸರಳ ಸೂತ್ರ ಸಾಕು:

```
K(L) = a + b × (L - 1)^p
```

ಇಲ್ಲಿ `K(L)` ಎಂದರೆ L ಲೆವೆಲ್ ದಾಟಲು ಬೇಕಾದ ಕಾಳಗಗಳು. `a` ಮೊದಲ ಲೆವೆಲ್‌ನ ಕಾಳಗಗಳು, ಅಂದರೆ 8. `p` ಎಂಬ ಘಾತಸೂಚಿಯು ರೇಖೆ ಎಷ್ಟು ಬಾಗಬೇಕು ಎಂಬುದನ್ನು ನಿರ್ಧರಿಸುತ್ತದೆ. `b` ಅನ್ನು ಊಹಿಸಬೇಕಾಗಿಲ್ಲ, ಅದು ತುದಿಗಳಿಂದ ತಾನಾಗಿ ಹೊರಬೀಳುತ್ತದೆ. ಕೊನೆಯದಾಗಿ ದಾಟುವ ಲೆವೆಲ್ 39, ಅಲ್ಲಿ `L - 1` ಎಂದರೆ 38. ನಾವು `p` ಅನ್ನು 1.5 ಎಂದು ಆರಿಸಿದರೆ 38ರ 1.5ನೆಯ ಘಾತ ಸುಮಾರು 234.2. ತುದಿಗಳ ವ್ಯತ್ಯಾಸವಾದ 52ನ್ನು ಇದರಿಂದ ಭಾಗಿಸಿದರೆ `b = 0.222`.

ಘಾತಸೂಚಿಯನ್ನು ಆರಿಸುವಾಗ ಸ್ವಲ್ಪ ನಿಲ್ಲಬೇಕು, ಏಕೆಂದರೆ ತುದಿಗಳನ್ನು ಹಾಗೆಯೇ ಇಟ್ಟುಕೊಂಡು ಆಟದ ನಡುಭಾಗದ ಭಾವವನ್ನು ಬದಲಿಸುವ ಕೀಲಿ ಇದೊಂದೇ. `p` ಒಂದಾಗಿದ್ದರೆ ಕಾಳಗಗಳು ನೇರ ರೇಖೆಯಲ್ಲಿ ಏರುತ್ತವೆ. ಇಪ್ಪತ್ತನೆಯ ಲೆವೆಲ್‌ಗೆ 34 ಕಾಳಗಗಳು, ಇಡೀ ಆಟಕ್ಕೆ 1,326 ಕಾಳಗಗಳು, ಅಂದರೆ 7.4 ಗಂಟೆ. `p` ಎರಡಾಗಿದ್ದರೆ ಇಪ್ಪತ್ತನೆಯದಕ್ಕೆ 21 ಮಾತ್ರ, ಒಟ್ಟು ಸುಮಾರು 997, ಅಂದರೆ 5.5 ಗಂಟೆ, ಆದರೆ ಏರಿಕೆಯೆಲ್ಲ ಕೊನೆಯ ಭಾಗದಲ್ಲಿ ಒಟ್ಟಾಗಿ ಬರುತ್ತದೆ. 1.5 ಇವುಗಳ ನಡುವೆ ನಿಲ್ಲುತ್ತದೆ: ಇಪ್ಪತ್ತನೆಯದಕ್ಕೆ 26, ಒಟ್ಟು ಸುಮಾರು 1,130 ಕಾಳಗಗಳು, 6.3 ಗಂಟೆ. ಹೊಸ ಕೌಶಲಗಳು ಆಟದ ಮೊದಲರ್ಧದಲ್ಲೇ ಹೆಚ್ಚಾಗಿ ಸಿಗುವಂತಿದ್ದರೆ 1.5ರಿಂದ 2ರ ಕಡೆಗೆ ಹೋಗಬಹುದು, ಕೊನೆಯವರೆಗೂ ಸಮನಾಗಿ ಹಂಚಿದ್ದರೆ 1ರ ಹತ್ತಿರವೇ ಇರುವುದು ಮೇಲು. ಎರಡನ್ನು ಮೀರಿದರೆ ನಾವು ಬಿಟ್ಟು ಬಂದ ತೊಂದರೆಯ ಕಡೆಗೇ ಮತ್ತೆ ನಡೆಯುತ್ತಿದ್ದೇವೆ ಎಂದರ್ಥ.

## ಮೂರನೆಯ ಹೆಜ್ಜೆ: ಕಾಳಗಗಳಿಂದ ಎಕ್ಸ್‌ಪಿ ಮಿತಿಗೆ

ಈಗ ಮಿತಿಯನ್ನು ಹುಟ್ಟಿಸುವುದು ಒಂದು ಗುಣಾಕಾರದ ಕೆಲಸ. `R(L)` ಎಂಬುದು ಒಂದು ಕಾಳಗದ ಗಳಿಕೆಯಾದರೆ, ಲೆವೆಲ್ ದಾಟಲು ಬೇಕಾದ ಎಕ್ಸ್‌ಪಿ `K(L) × R(L)`. ಗಳಿಕೆಯ ಸೂತ್ರವನ್ನು ನೀವು ನಾಳೆ ಬದಲಿಸಿದರೂ ಮಿತಿ ಅದರೊಂದಿಗೇ ಬದಲಾಗುತ್ತದೆ, ಆಟಗಾರನ ಸಮಯ ಮಾತ್ರ ಕದಲುವುದಿಲ್ಲ. ಇಡೀ ಕ್ರಮದ ಮುಖ್ಯ ಲಾಭ ಇದೇ.

ನಮ್ಮ ಆಟದ ಕೆಲವು ಲೆವೆಲ್‌ಗಳನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡೋಣ.

| ಲೆವೆಲ್ | ಹಳೆಯ ಕಾಳಗಗಳು | ಹೊಸ ಕಾಳಗಗಳು | ಹೊಸ ಮಿತಿ (ಎಕ್ಸ್‌ಪಿ) | ಹೊಸ ಸಮಯ |
|---|---|---|---|---|
| 1 | 10 | 8 | 80 | 2.7 ನಿಮಿಷ |
| 10 | 9 | 14 | 770 | 4.7 ನಿಮಿಷ |
| 20 | 30 | 26 | 2,770 | 8.8 ನಿಮಿಷ |
| 30 | 128 | 43 | 6,615 | 14 ನಿಮಿಷ |
| 39 | 510 | 60 | 12,000 | 20 ನಿಮಿಷ |

ಹತ್ತನೆಯ ಲೆವೆಲ್ ಮೊದಲಿಗಿಂತ ನಿಧಾನವಾಗಿರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ಹಳೆಯ ಸೂತ್ರದಲ್ಲಿದ್ದ ಇಳಿತವನ್ನು ತೆಗೆದುಹಾಕಿದ್ದರ ಫಲ ಅದು. ಕೊನೆಯ ಹತ್ತು ಲೆವೆಲ್‌ಗಳ ಪಾಲನ್ನು ಲೆಕ್ಕ ಹಾಕಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ: ಹಳೆಯ ಆಟದಲ್ಲಿ ಒಟ್ಟು ಸಮಯದ ಶೇ. 77ರಷ್ಟನ್ನು ಅವು ತಿನ್ನುತ್ತಿದ್ದವು, ಹೊಸದರಲ್ಲಿ ಶೇ. 45ರಷ್ಟನ್ನು.

ನಯವಾದ ಸೂತ್ರವೊಂದರ ಗುರುತನ್ನು ಪಕ್ಕಪಕ್ಕದ ಮಿತಿಗಳ ಅನುಪಾತದಲ್ಲಿ ಕಾಣಬಹುದು. ಘಾತೀಯ ಸೂತ್ರದಲ್ಲಿ ಈ ಅನುಪಾತ ಕೊನೆಯವರೆಗೂ 1.2 ಆಗಿಯೇ ಇರುತ್ತದೆ. ನಮ್ಮ ಹೊಸ ಸೂತ್ರದಲ್ಲಿ ಮೊದಲ ಎರಡು ಮಿತಿಗಳ ಅನುಪಾತ ಒಂದೂವರೆಗಿಂತ ಸ್ವಲ್ಪ ಹೆಚ್ಚು, ಕೊನೆಯ ಎರಡರದು 1.06. ಅಂದರೆ ಸಂಖ್ಯೆಗಳು ಬೆಳೆಯುತ್ತಲೇ ಹೋಗುತ್ತವೆ, ಬೆಳೆಯುವ ಭರ ಮಾತ್ರ ತಗ್ಗುತ್ತಾ ಬರುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಈ ಅನುಪಾತದ ಅಂಕಣವನ್ನು ಇಟ್ಟುಕೊಂಡಿದ್ದರೆ, ಯಾರಾದರೂ ನಡುವೆ ಒಂದು ಮಿತಿಯನ್ನು ಕೈಯಿಂದ ತಿದ್ದಿದ್ದರೆ ಅಲ್ಲಿ ಅಂಕಿ ಥಟ್ಟನೆ ಏರಿ ಇಳಿದು ಸಿಕ್ಕಿಬೀಳುತ್ತದೆ.

ಬೇಕೆಂದೇ ಮೂಲೆ ಇಟ್ಟ ವಕ್ರರೇಖೆಗಳೂ ಇವೆ. ಮೈನ್‌ಕ್ರಾಫ್ಟ್‌ನಲ್ಲಿ 15ನೆಯ ಲೆವೆಲ್‌ವರೆಗೆ ಮುಂದಿನ ಲೆವೆಲ್‌ನ ಬೇಡಿಕೆ `2L + 7`, ಆಮೇಲೆ 30ರವರೆಗೆ `5L - 38`, ಅದನ್ನು ಮೀರಿದರೆ `9L - 158`. ಮಂತ್ರಶಕ್ತಿ ತುಂಬುವ ಮೇಜಿಗೆ ಬೇಕಾಗುವ ಗರಿಷ್ಠ ಲೆವೆಲ್ ಕೂಡ 30. ಅಲ್ಲಿಂದಾಚೆ ಕೂಡಿಡುವವನಿಗೆ ಏರು ಕಡಿದಾಗುವುದರಿಂದ, ಗಳಿಸಿದ್ದನ್ನು ಖರ್ಚು ಮಾಡುವುದೇ ಜಾಣತನವಾಗುತ್ತದೆ. ಅಂಥ ಕಾರಣ ನಿಮ್ಮ ಬಳಿ ಇಲ್ಲದಿದ್ದರೆ ಒಂದೇ ಸೂತ್ರ ಸಾಕು.

## ನಾಲ್ಕನೆಯ ಹೆಜ್ಜೆ: ಕೋಡ್‌ನಲ್ಲಿ ಪಟ್ಟಿಯನ್ನು ಕಟ್ಟುವುದು

ಆಟ ಓಡುತ್ತಿರುವಾಗ ಪ್ರತಿ ಬಾರಿಯೂ ಸೂತ್ರವನ್ನು ಲೆಕ್ಕ ಹಾಕುವುದರ ಬದಲು, ಒಮ್ಮೆ ಲೆಕ್ಕ ಹಾಕಿ ಪಟ್ಟಿಯಾಗಿ ಇಟ್ಟುಕೊಳ್ಳಬೇಕು. ಪೈಥಾನ್‌ನಲ್ಲಿ ಅದು ಹೀಗಿರುತ್ತದೆ:

```python
from bisect import bisect_right

MAX_LEVEL = 40

def reward(level):
    return 10 + 5 * (level - 1)

def kills(level):
    return 8 + 0.222 * (level - 1) ** 1.5

def xp_to_next(level):
    return 5 * round(kills(level) * reward(level) / 5)

table = [0]
for level in range(1, MAX_LEVEL):
    table.append(table[-1] + xp_to_next(level))

def level_for(total_xp):
    return bisect_right(table, total_xp)
```

`table` ಎಂಬ ಪಟ್ಟಿಯಲ್ಲಿರುವುದು ಆರಂಭದಿಂದ ಗಳಿಸಿದ ಒಟ್ಟು ಎಕ್ಸ್‌ಪಿ. `xp_to_next` ಕೊಡುವುದು ಒಂದು ಲೆವೆಲ್‌ನ ಬೇಡಿಕೆ ಮಾತ್ರ. ಇವೆರಡನ್ನು ಬೆರೆಸಿದರೆ ಆಟ ನಿಂತುಹೋಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಲೆವೆಲ್‌ಗಳು ಸುಮ್ಮನೆ ಬಹಳ ಬೇಗ ಅಥವಾ ಬಹಳ ತಡವಾಗಿ ಬರುತ್ತವೆ. ಆಟಗಾರನ ಕಡತದಲ್ಲಿ ಒಟ್ಟು ಎಕ್ಸ್‌ಪಿಯನ್ನು ಉಳಿಸಿಕೊಂಡು ಲೆವೆಲ್ ಅನ್ನು ಪ್ರತಿ ಬಾರಿಯೂ `level_for` ಮೂಲಕ ಕಂಡುಕೊಳ್ಳುವುದು ನಂಬಲರ್ಹವಾದ ಪದ್ಧತಿ. ಐದರ ಗುಣಕಕ್ಕೆ ಪೂರ್ಣಗೊಳಿಸಿರುವುದು ಪರದೆಯ ಮೇಲೆ 2,770 ಎಂಬಂಥ ಓದಲು ಹಿತವಾದ ಸಂಖ್ಯೆಗಳು ಬರಲೆಂದು ಅಷ್ಟೇ.

ಇದನ್ನು ಸಿ ಶಾರ್ಪ್‌ಗೆ ಬರೆದುಕೊಳ್ಳುವವರು ಘಾತಕ್ಕೆ `Math.Pow` ಬಳಸಬೇಕು. ಅಲ್ಲಿ `^` ಚಿಹ್ನೆ ಘಾತವಲ್ಲ, ಬಿಟ್‌ಗಳ ಮೇಲಿನ ಬೇರೊಂದು ಕ್ರಿಯೆ. `19 ^ 2` ಎಂದು ಬರೆದರೆ 361 ಬರುವುದಿಲ್ಲ, 17 ಬರುತ್ತದೆ, ಮತ್ತು ಕಂಪೈಲರ್ ಚಕಾರ ಎತ್ತುವುದಿಲ್ಲ. ಲೆವೆಲ್‌ಗಳು ಏರುತ್ತಿದ್ದರೂ ಮಿತಿಗಳು ಹಿಂದೆಮುಂದೆ ಜಿಗಿಯುತ್ತಿರುವುದು ಕಂಡರೆ ಮೊದಲು ನೋಡಬೇಕಾದ ಜಾಗ ಇದು.

ಸೂತ್ರದ ಆರಂಭದ ತುದಿಯನ್ನೂ ಕಡೆಗಣಿಸಬಾರದು. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೊಕೆಮಾನ್ ಆಟಗಳಲ್ಲಿ ಒಂದು ಗುಂಪಿನ ಪ್ರಾಣಿಗಳಿಗೆ ಒಟ್ಟು ಎಕ್ಸ್‌ಪಿಯ ಸೂತ್ರ `1.2n³ - 15n² + 100n - 140` ಆಗಿತ್ತು. ನೂರನೆಯ ಲೆವೆಲ್‌ನಲ್ಲಿ ಅದು 10,59,860 ಎಂಬ ಸಭ್ಯ ಸಂಖ್ಯೆಯನ್ನು ಕೊಡುತ್ತದೆ. `n` ಒಂದಾದಾಗ ಮಾತ್ರ ಉತ್ತರ ಸೊನ್ನೆಗಿಂತ ಕೆಳಗೆ, ಸುಮಾರು -54ಕ್ಕೆ ಇಳಿಯುತ್ತದೆ. ಎಕ್ಸ್‌ಪಿಯನ್ನು ಋಣ ಸಂಖ್ಯೆಗಳಿಗೆ ಎಡೆಯಿಲ್ಲದ ಮೂರು ಬೈಟ್‌ಗಳಲ್ಲಿ ಇಟ್ಟಿದ್ದರಿಂದ ಈ ಋಣ ಸಂಖ್ಯೆ ಒಂದೂವರೆ ಕೋಟಿಗೂ ಮೀರಿದ ಧನ ಸಂಖ್ಯೆಯಾಗಿ ಓದಿಸಿಕೊಳ್ಳುತ್ತಿತ್ತು. ಸಾಮಾನ್ಯ ಆಟದಲ್ಲಿ ಒಂದನೆಯ ಲೆವೆಲ್‌ನ ಪ್ರಾಣಿ ಸಿಗುತ್ತಿರಲಿಲ್ಲವಾದ್ದರಿಂದ ದೋಷ ಅಡಗಿಯೇ ಇತ್ತು. ಬೇರೆ ದೋಷಗಳ ಮೂಲಕ ಅಂಥದನ್ನು ಪಡೆದವರು ಅದಕ್ಕೆ ಅತಿ ಕಡಿಮೆ ಎಕ್ಸ್‌ಪಿ ಕೊಟ್ಟು ಒಮ್ಮೆಗೇ ನೂರನೆಯ ಲೆವೆಲ್‌ಗೆ ಹಾರಿಸುತ್ತಿದ್ದರು. ಕಳೆಯುವ ಪದಗಳಿರುವ ಯಾವ ಸೂತ್ರಕ್ಕೂ ಈ ಅಪಾಯವಿದೆ. ನಮ್ಮ ಸೂತ್ರದಲ್ಲಿ ಎಲ್ಲ ಪದಗಳೂ ಕೂಡುವಂಥವೇ ಆದ್ದರಿಂದ ಅದು ಕೆಳಗಿಳಿಯಲು ದಾರಿಯಿಲ್ಲ. ಆದರೂ ಪಟ್ಟಿಯ ಪ್ರತಿ ಸಂಖ್ಯೆಯೂ ಹಿಂದಿನದಕ್ಕಿಂತ ದೊಡ್ಡದೇ ಎಂದು ನೋಡುವ ಒಂದು ಸಣ್ಣ ಪರೀಕ್ಷೆಯನ್ನು ಕೋಡ್‌ನೊಂದಿಗೆ ಇಟ್ಟಿರುವುದು ಒಳ್ಳೆಯದು.

## ಐದನೆಯ ಹೆಜ್ಜೆ: ಲೆಕ್ಕದಲ್ಲಿಲ್ಲದ ಎಕ್ಸ್‌ಪಿಯನ್ನು ಹಿಡಿಯುವುದು

ಇಲ್ಲಿಯವರೆಗೆ ಆಟಗಾರ ತನ್ನದೇ ಲೆವೆಲ್‌ನ ಶತ್ರುಗಳ ಜೊತೆ ಮಾತ್ರ ಕಾದುತ್ತಾನೆ ಎಂದು ಭಾವಿಸಿದ್ದೇವೆ. ಆಟಗಾರರು ಹಾಗೆ ಮಾಡುವುದಿಲ್ಲ. ಮೂವತ್ತನೆಯ ಲೆವೆಲ್‌ನವನು ತನ್ನ ಸಮಾನ ಶತ್ರುವಿನಿಂದ 20 ಸೆಕೆಂಡಿಗೆ 155 ಎಕ್ಸ್‌ಪಿ ಪಡೆಯುತ್ತಾನೆ, ಅಂದರೆ ಸೆಕೆಂಡಿಗೆ ಎಂಟಕ್ಕಿಂತ ಸ್ವಲ್ಪ ಕಡಿಮೆ. ಅವನು ಹಿಂದಕ್ಕೆ ಹೋಗಿ ಇಪ್ಪತ್ತನೆಯ ಲೆವೆಲ್‌ನ ಶತ್ರುಗಳನ್ನು ಎಂಟೆಂಟು ಸೆಕೆಂಡಿನಲ್ಲಿ ಮುಗಿಸುತ್ತಾ ಹೋದರೆ ಪ್ರತಿಯೊಂದಕ್ಕೂ 105 ಸಿಗುತ್ತದೆ, ಸೆಕೆಂಡಿಗೆ 13. ಹೀಗೆ ಸುಮಾರು 63 ದುರ್ಬಲರನ್ನು ಕೊಂದು, ಹದಿನಾಲ್ಕು ನಿಮಿಷದ ಲೆವೆಲ್ ಅನ್ನು ಎಂಟೂವರೆ ನಿಮಿಷದಲ್ಲಿ ದಾಟುತ್ತಾನೆ. ವೇಗವಾಗಿ ಏರಿದರೂ ಅವನಿಗೆ ಆಟ ಬೇಸರವೆನಿಸುತ್ತದೆ, ಮತ್ತು ದೂರು ಮತ್ತೆ ಲೆವೆಲ್‌ಗಳ ಮೇಲೆಯೇ ಬರುತ್ತದೆ. ಇದಕ್ಕೆ ಮಿತಿಯನ್ನು ಏರಿಸುವುದು ಮದ್ದಲ್ಲ. ಪ್ರಾಮಾಣಿಕವಾಗಿ ಆಡುವವನಿಗೇ ಅದರ ಪೆಟ್ಟು ಬೀಳುತ್ತದೆ. ಶತ್ರು ಮೂರು ಲೆವೆಲ್‌ಗಿಂತ ಹೆಚ್ಚು ಕೆಳಗಿದ್ದರೆ ಆಮೇಲಿನ ಪ್ರತಿ ಲೆವೆಲ್‌ಗೆ ಗಳಿಕೆಯನ್ನು ಶೇ. 10ರಷ್ಟು ಕಡಿತ ಮಾಡಿ. ಹತ್ತು ಲೆವೆಲ್ ಕೆಳಗಿನವನಿಂದ ಆಗ ಸಿಗುವುದು 105ರ ಶೇ. 30 ಮಾತ್ರ, ಅಂದರೆ ಸೆಕೆಂಡಿಗೆ ನಾಲ್ಕರೊಳಗೆ. ಹಿಂದಕ್ಕೆ ಹೋಗುವ ಆಸೆ ಅಲ್ಲಿಗೆ ತೀರುತ್ತದೆ.

ಆಟ ಒಪ್ಪಿಸುವ ಕೆಲಸಗಳಾದ ಕ್ವೆಸ್ಟ್‌ಗಳ ಬಹುಮಾನವನ್ನು ಎಂದೂ ಸ್ಥಿರ ಸಂಖ್ಯೆಯಾಗಿ ಬರೆಯಬಾರದು. ಐನೂರು ಎಕ್ಸ್‌ಪಿ ಎಂಬುದು ಐದನೆಯ ಲೆವೆಲ್‌ನಲ್ಲಿ ಒಂದೂವರೆ ಲೆವೆಲ್‌ಗೂ ಸಮನಾಗಿ, ಮೂವತ್ತನೆಯದರಲ್ಲಿ ಶೇ. 8ಕ್ಕೂ ಕಡಿಮೆಯಾಗುತ್ತದೆ. ಅದನ್ನು ಕಾಳಗಗಳ ಲೆಕ್ಕದಲ್ಲಿ ಬರೆಯಿರಿ: ಈ ಕ್ವೆಸ್ಟ್ ಆರು ಕಾಳಗಗಳಷ್ಟು ಬೆಲೆಯದು ಎಂದರೆ, ಇಪ್ಪತ್ತನೆಯ ಲೆವೆಲ್‌ನಲ್ಲಿ ಅದು ತಾನಾಗಿ 630 ಎಕ್ಸ್‌ಪಿ ಆಗುತ್ತದೆ. ಒಟ್ಟು ಎಕ್ಸ್‌ಪಿಯಲ್ಲಿ ಮೂರನೆಯ ಒಂದು ಪಾಲು ಕ್ವೆಸ್ಟ್‌ಗಳಿಂದ ಬರುವಂತೆ ಮಾಡಿದರೆ ನಮ್ಮ 1,130 ಕಾಳಗಗಳು ಸುಮಾರು 750ಕ್ಕೆ ಇಳಿಯುತ್ತವೆ, ಕೇವಲ ಕಾಳಗದ ಸಮಯ ನಾಲ್ಕು ಗಂಟೆಯ ಆಸುಪಾಸಿಗೆ ಬರುತ್ತದೆ.

ಆಮೇಲೆ ಅಳತೆ. ಆಟಗಾರ ಲೆವೆಲ್ ಏರಿದಾಗಲೆಲ್ಲ ಆ ಲೆವೆಲ್‌ನಲ್ಲಿ ಅವನು ಆಡಿದ ಸಮಯವನ್ನು ದಾಖಲಿಸಿ, ಎಲ್ಲರ ಸಮಯಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಮಯವನ್ನು ಯೋಜನೆಯ ರೇಖೆಯ ಮೇಲೆ ಇಟ್ಟು ನೋಡಿ. ಸರಾಸರಿಯನ್ನು ನಂಬಬೇಡಿ; ಆಟವನ್ನು ತೆರೆದಿಟ್ಟು ಊಟಕ್ಕೆ ಹೋದ ನಾಲ್ಕು ಜನ ಅದನ್ನು ಹಾಳು ಮಾಡಬಲ್ಲರು. ಇಡೀ ರೇಖೆ ಒಂದೂವರೆ ಪಟ್ಟು ಮೇಲಿದ್ದರೆ ಕಾಳಗಕ್ಕೆ 20 ಸೆಕೆಂಡು ಎಂಬ ನಮ್ಮ ಊಹೆಯೇ ತಪ್ಪು. ನಿಜವಾದ ಸೆಕೆಂಡುಗಳನ್ನು ಹಾಕಿ `a` ಮತ್ತು `b` ಎರಡನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿದರೆ ಸಾಕು. ಉಳಿದೆಡೆ ಸರಿಯಾಗಿದ್ದು 22ರಿಂದ 25ರವರೆಗೆ ಮಾತ್ರ ಗುಬುಟು ಎದ್ದಿದ್ದರೆ ಸೂತ್ರವನ್ನು ಮುಟ್ಟಬೇಡಿ. ಆ ಲೆವೆಲ್‌ಗಳಿಗೆ ತಕ್ಕ ಪ್ರದೇಶವೋ ಕ್ವೆಸ್ಟೋ ಆಟದಲ್ಲಿ ಕಡಿಮೆಯಿದೆ ಎಂಬುದನ್ನು ಅದು ಹೇಳುತ್ತಿದೆ.

## ಆರನೆಯ ಹೆಜ್ಜೆ: ಈಗಾಗಲೇ ಆಡುತ್ತಿರುವವರನ್ನು ಹೊಸ ಪಟ್ಟಿಗೆ ದಾಟಿಸುವುದು

ಆಟ ಇನ್ನೂ ಬಿಡುಗಡೆಯಾಗಿಲ್ಲದಿದ್ದರೆ ಈ ಭಾಗ ಬೇಡ. ಬಿಡುಗಡೆಯಾಗಿದ್ದರೆ, ಹಳೆಯ ಒಟ್ಟು ಎಕ್ಸ್‌ಪಿಯನ್ನು ಹಾಗೆಯೇ ಹೊಸ ಪಟ್ಟಿಗೆ ಒಪ್ಪಿಸುವುದರಿಂದ ಏನಾಗುತ್ತದೆ ನೋಡಿ. ಹಳೆಯ ಆಟದಲ್ಲಿ ಹತ್ತನೆಯ ಲೆವೆಲ್‌ಗೆ ಈಗಷ್ಟೇ ಬಂದವನ ಬಳಿ ಸುಮಾರು 2,080 ಎಕ್ಸ್‌ಪಿ ಇರುತ್ತದೆ. ಹೊಸ ಪಟ್ಟಿಯಲ್ಲಿ ಅದು ಎಂಟನೆಯ ಲೆವೆಲ್. ಅಪ್‌ಡೇಟ್ ಹಾಕಿಕೊಂಡ ಕೂಡಲೇ ಅವನು ಎರಡು ಲೆವೆಲ್ ಕಳೆದುಕೊಳ್ಳುತ್ತಾನೆ. ಮೂವತ್ತನೆಯ ಲೆವೆಲ್‌ಗೆ ಬಂದವನ ಬಳಿ 98,400ರಷ್ಟು ಇದ್ದು, ಅವನು 34ಕ್ಕೆ ಹಾರುತ್ತಾನೆ. ಹೊಸ ಆಟದ ಒಟ್ಟು ಬೇಡಿಕೆಯೇ ಸುಮಾರು 1,53,000 ಆಗಿರುವುದರಿಂದ, ಹಳೆಯದರಲ್ಲಿ 33ನೆಯ ಲೆವೆಲ್ ಮುಟ್ಟಿದವರೆಲ್ಲ ಒಂದೇ ಏಟಿಗೆ ಕೊನೆಯ ಲೆವೆಲ್‌ನಲ್ಲಿ ಹೋಗಿ ನಿಲ್ಲುತ್ತಾರೆ.

ಆದ್ದರಿಂದ ದಾಟಿಸಬೇಕಾದ್ದು ಎಕ್ಸ್‌ಪಿಯನ್ನಲ್ಲ, ಲೆವೆಲ್ ಮತ್ತು ಆ ಲೆವೆಲ್‌ನಲ್ಲಿ ಮುಗಿದಿರುವ ಭಾಗವನ್ನು. ಒಬ್ಬ ಆಟಗಾರನ ಬಳಿ 1,08,300 ಎಕ್ಸ್‌ಪಿ ಇದೆ ಎನ್ನೋಣ. ಹಳೆಯ ಪಟ್ಟಿಯಲ್ಲಿ ಅವನು ಮೂವತ್ತನೆಯ ಲೆವೆಲ್‌ನಲ್ಲಿದ್ದು, ಆ ಲೆವೆಲ್‌ನ 19,781 ಎಕ್ಸ್‌ಪಿಯಲ್ಲಿ ಅರ್ಧ ಮುಗಿಸಿದ್ದಾನೆ. ಹೊಸ ಪಟ್ಟಿಯಲ್ಲಿ ಮೂವತ್ತನೆಯ ಲೆವೆಲ್ ಆರಂಭವಾಗುವುದು ಸುಮಾರು 61,600ರಲ್ಲಿ. ಅದಕ್ಕೆ ಹೊಸ ಮಿತಿಯಾದ 6,615ರ ಅರ್ಧವನ್ನು ಕೂಡಿದರೆ ಸುಮಾರು 64,900. ಅವನ ಹೊಸ ಒಟ್ಟು ಎಕ್ಸ್‌ಪಿ ಇಷ್ಟು. ಪರದೆಯ ಮೇಲಿನ ಲೆವೆಲ್ ಬದಲಾಗುವುದಿಲ್ಲ, ಪ್ರಗತಿ ಪಟ್ಟಿ ತುಂಬಿದ್ದಷ್ಟೇ ತುಂಬಿರುತ್ತದೆ, ಮುಂದಿನ ದಾರಿ ಮಾತ್ರ ಹಗುರವಾಗುತ್ತದೆ. ಒಟ್ಟು ಸಂಖ್ಯೆ ಕಡಿಮೆಯಾದದ್ದು ಕೆಲವರ ಕಣ್ಣಿಗೆ ಬೀಳುವುದರಿಂದ, ಸಾಧ್ಯವಿದ್ದರೆ ಪರದೆಯ ಮೇಲೆ ಒಟ್ಟು ಎಕ್ಸ್‌ಪಿಯ ಬದಲು ಲೆವೆಲ್‌ನೊಳಗಿನ ಎಕ್ಸ್‌ಪಿಯನ್ನು ತೋರಿಸಿ.

ಈ ಪರಿವರ್ತನೆಯನ್ನು ಬರೆಯುವಾಗ ಆಟಗಾರನ ಕಡತದಲ್ಲಿ ವಕ್ರರೇಖೆಯ ಆವೃತ್ತಿ ಸಂಖ್ಯೆಯೊಂದನ್ನು ಸೇರಿಸಿ, ಸಂಖ್ಯೆ ಹಳೆಯದಾಗಿದ್ದರೆ ಮಾತ್ರ ಪರಿವರ್ತಿಸಿ, ಮುಗಿದ ಮೇಲೆ ಹೊಸ ಒಟ್ಟು ಎಕ್ಸ್‌ಪಿಯನ್ನೂ ಹೊಸ ಆವೃತ್ತಿ ಸಂಖ್ಯೆಯನ್ನೂ ಒಂದೇ ಬಾರಿಗೆ ಕಡತಕ್ಕೆ ಬರೆಯಬೇಕು. ಅದಿಲ್ಲದಿದ್ದರೆ ಆಟ ತೆರೆದಾಗಲೆಲ್ಲ ಪರಿವರ್ತನೆ ಮತ್ತೆ ನಡೆದು, ಮೇಲೆ ಹೇಳಿದ ಆಟಗಾರನ 64,900ನ್ನು ಹಳೆಯ ಪಟ್ಟಿಯ ಲೆಕ್ಕದಲ್ಲಿ ಓದಿ ಅವನನ್ನು 27ನೆಯ ಲೆವೆಲ್‌ಗೆ ಇಳಿಸಿಬಿಡುತ್ತದೆ.